ಡಿಬೆಂಚರು ಟ್ರಸ್ಟ್ ಡೀಡ್: ಬ್ಯಾಂಕ್ ನೋಟಿಸ್ ಕೊಟ್ಟಾಯಿತು, ನಾನೇಕೆ ಕಾಯಬೇಕು?

ಪ್ರಶ್ನೆ: ಒಂದು ಕಂಪನಿಯ ಸೆಕ್ಯೂರ್ಡ್ ಡಿಬೆಂಚರುಗಳು ನನ್ನ ಹತ್ತಿರ ಇವೆ. ಈ ಸಲದ ಬಡ್ಡಿ ಬಂದಿಲ್ಲ. ಕಂಪನಿಗೆ ಕೇಳಿದರೆ ಟ್ರಸ್ಟಿ ಹತ್ರ ಮಾತಾಡಿ ಅಂತಾರೆ. ಟ್ರಸ್ಟಿಗೆ ಕೇಳಿದರೆ ಡೀಡ್ ಪ್ರಕಾರ ಕ್ರಮ ತಗೋತೀವಿ ಅಂತಾರೆ. ಅದೇ ಕಂಪನಿಗೆ ಸಾಲ ಕೊಟ್ಟ ಬ್ಯಾಂಕ್ ಆಗಲೇ ನೋಟಿಸ್ ಕೊಟ್ಟಿದೆಯಂತೆ. ಷೇರುದಾರರಿಗೆ ಸಭೆಗೆ ಕರೆಯಾದರೂ ಬಂದಿದೆ, ನನಗೆ ಅದೂ ಇಲ್ಲ. ಈ ಡೀಡ್‌ನಲ್ಲಿ ಏನಿರುತ್ತೆ? ನನ್ನ ಹಕ್ಕು ಅವರಿಬ್ಬರಿಗಿಂತ ಹೇಗೆ ಬೇರೆ?

ಉತ್ತರ: ಕಂಪನಿಗೆ 40 ಕೋಟಿ ಸಾಲ ಬೇಕಿತ್ತು ಅಂದುಕೊಳ್ಳಿ. ಒಬ್ಬರೇ ಕೊಡುವ ಬದಲು ಸಾವಿರಾರು ಜನ ತಲಾ ಸ್ವಲ್ಪ ಸ್ವಲ್ಪ ಕೊಟ್ಟರು. ಆ ಸಾಲದ ಒಂದೊಂದು ತುಂಡೇ ಡಿಬೆಂಚರು. ತುಂಡು ಮಾಡಿದ ತಕ್ಷಣ ಒಂದು ತಾಪತ್ರಯ ಶುರುವಾಗುತ್ತದೆ. ಕಾರ್ಖಾನೆಯನ್ನು ಯಾರ ಹೆಸರಿಗೆ ಒತ್ತೆ ಬರೆಯುವುದು? ಸಾವಿರಾರು ಜನರ ಹೆಸರಿಗೆ ಅಡಮಾನ ಬರೆಯಲಾಗುವುದಿಲ್ಲ. ಡಿಬೆಂಚರು ದಿನಾ ಕೈ ಬದಲಾಗುತ್ತಿರುತ್ತದೆ, ಇವತ್ತು ಬರೆದ ಹೆಸರು ನಾಳೆ ಇರುವುದಿಲ್ಲ. ಅದಕ್ಕೇ ಮಧ್ಯದಲ್ಲಿ ಒಬ್ಬರನ್ನು ನಿಲ್ಲಿಸುತ್ತಾರೆ. ಒತ್ತೆ ಅವರ ಹೆಸರಲ್ಲಿ ಇರುತ್ತದೆ, ಅದರ ಪ್ರಯೋಜನ ಮಾತ್ರ ಆಯಾ ದಿನದ ಡಿಬೆಂಚರುದಾರರದ್ದು. ಅವರೇ ಡಿಬೆಂಚರು ಟ್ರಸ್ಟಿ. ಕಂಪನಿಗೂ ಟ್ರಸ್ಟಿಗೂ ನಡುವೆ ಆಗುವ ಒಪ್ಪಂದವೇ ಟ್ರಸ್ಟ್ ಡೀಡ್.

ಈ ಒಪ್ಪಂದಕ್ಕೆ ನೀವು ಸಹಿ ಹಾಕಿಲ್ಲ. ಆದರೂ ಡಿಬೆಂಚರು ಕೊಂಡ ದಿನವೇ ಅದರ ಷರತ್ತುಗಳೆಲ್ಲ ನಿಮಗೆ ಅಂಟಿಕೊಂಡಿವೆ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇಲ್ಲೇ ಇದೆ. ಒತ್ತೆಯ ಬಲ ಸಿಗಲಿ ಅಂತ ನೀವು ಒಬ್ಬೊಬ್ಬರೇ ಓಡಾಡುವ ಹಕ್ಕಿನಲ್ಲಿ ಒಂದಷ್ಟನ್ನು ಟ್ರಸ್ಟಿಯ ಕೈಗೆ ಕೊಟ್ಟಿದ್ದೀರಿ.

ಷೇರುದಾರರ ವಿಷಯವನ್ನು ಮೊದಲು ಮುಗಿಸಿಬಿಡೋಣ, ಅದು ಸುಲಭ. ಷೇರುದಾರ ಕಂಪನಿಯ ಪಾಲುಗಾರ, ನೀವು ಸಾಲ ಕೊಟ್ಟವರು. ಲಾಭಾಂಶ ಘೋಷಿಸಿದರೆ ಮಾತ್ರ ಅವನಿಗೆ ದುಡ್ಡು. ನಿಮ್ಮ ಬಡ್ಡಿ ಹಾಗಲ್ಲ, ಕಂಪನಿ ನಷ್ಟದಲ್ಲಿದ್ದರೂ ಗಡುವಿನ ದಿನ ಕೊಡಲೇಬೇಕಾದ ಬಾಕಿ. ಅದಕ್ಕೆ ಪ್ರತಿಯಾಗಿ ಮತದ ಹಕ್ಕು ಅವನದು. ಭಾರತದ 2013ರ ಕಂಪನಿ ಕಾಯ್ದೆಯ 71ನೇ ಸೆಕ್ಷನ್ ಅಂತೂ ಮತದ ಹಕ್ಕಿರುವ ಡಿಬೆಂಚರನ್ನು ಕೊಡಲೇಬಾರದು ಅನ್ನುತ್ತದೆ. ಹಾಗಾಗಿ ಷೇರುದಾರರ ಸಭೆಗೆ ನಿಮಗೆ ಕರೆ ಬರದಿದ್ದರೆ ಯಾರೂ ನಿಮ್ಮನ್ನು ಮರೆತರು ಅಂತಲ್ಲ. ನಿಮ್ಮ ಸಭೆ ಬೇರೆ, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಂಪನಿ ಮುಳುಗಿದಾಗ ಈ ಎರಡು ಸ್ಥಾನಗಳ ನಡುವಿನ ಅಂತರ ಎಷ್ಟು ಅಂತ ತೋರಿಸಲು ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಇಂಗ್ಲೆಂಡಿನ ಹಳೆಯ ಸಾಲೊಮನ್ ಪ್ರಕರಣ. ಕಾನೂನು ಓದಿದವರಿಗೆಲ್ಲ ಗೊತ್ತಿರುವ ಕೇಸು. ಆದರೆ ಅದರಲ್ಲಿರುವ ಡಿಬೆಂಚರಿನ ಭಾಗವನ್ನು ಜನ ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಸಾಲೊಮನ್ ಬೂಟು ತಯಾರಿಸುವ ವ್ಯಾಪಾರಿ. 1892ರಲ್ಲಿ ತನ್ನ ವ್ಯಾಪಾರವನ್ನು ತಾನೇ ಕಟ್ಟಿದ ಕಂಪನಿಗೆ ಮಾರಿದ. ಬದಲಿಗೆ 20,001 ಷೇರು ತೆಗೆದುಕೊಂಡ, ಜೊತೆಗೆ 10,000 ಪೌಂಡಿನ ಡಿಬೆಂಚರುಗಳನ್ನೂ ತೆಗೆದುಕೊಂಡ. ಹೆಂಡತಿ ಮತ್ತು ಐವರು ಮಕ್ಕಳಿಗೆ ತಲಾ ಒಂದು ಷೇರು. ವ್ಯಾಪಾರ ಕೈಕೊಟ್ಟಿತು. ಕಂಪನಿಯ ಆಸ್ತಿ ಎಲ್ಲರ ಬಾಕಿಗೂ ಸಾಲಲಿಲ್ಲ. ಷೇರುದಾರನಾಗಿ ಸಾಲೊಮನ್‌ಗೆ ಬಂದದ್ದು ಸೊನ್ನೆ. ಆದರೆ ಡಿಬೆಂಚರಿನ ಹಕ್ಕಿನಲ್ಲಿ ಅವನು ಸಾಮಾನು ಕೊಟ್ಟು ಹಣಕ್ಕೆ ಕಾಯುತ್ತಿದ್ದವರಿಗಿಂತ ಮುಂದೆ ನಿಲ್ಲಬಹುದು ಅಂತ ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಮನುಷ್ಯ ಒಬ್ಬನೇ, ಕಂಪನಿಯೂ ಒಂದೇ. ಒಂದು ಕಾಗದ ಹಿಡಿದರೆ ಸಾಲಿನ ಕಟ್ಟಕಡೆ, ಇನ್ನೊಂದು ಹಿಡಿದರೆ ಮುಂಭಾಗ.

ಆದರೆ ಇಂಥ ಸಾಲಿನ ಮುಂಭಾಗದಲ್ಲೂ ಒಬ್ಬರೇ ಇರುವುದಿಲ್ಲ. ಬ್ಯಾಂಕೂ ಅಲ್ಲೇ ನಿಂತಿರುತ್ತದೆ. ನಿಮ್ಮ ನಿಜವಾದ ಹೋಲಿಕೆ ಅದರ ಜೊತೆಗೆ.

ಇದನ್ನು ಲೆಕ್ಕದಲ್ಲೇ ನೋಡೋಣ. ಒಂದು ಕಂಪನಿಗೆ ಬ್ಯಾಂಕ್ ಸಾಲ 60 ಕೋಟಿ, ಡಿಬೆಂಚರು ಸಾಲ 40 ಕೋಟಿ. ಎರಡಕ್ಕೂ ಒತ್ತೆ ಒಂದೇ ಕಾರ್ಖಾನೆ. ಸಾಲ ಕೊಡುವಾಗ ಅದರ ಬೆಲೆ 125 ಕೋಟಿ ಅಂತ ಮೌಲ್ಯಮಾಪಕರು ಬರೆದುಕೊಟ್ಟಿದ್ದರು. ನೂರು ಕೋಟಿ ಸಾಲಕ್ಕೆ 1.25 ಪಟ್ಟು ಆಸ್ತಿ ಇದೆ, ಭದ್ರವಾಗಿದೆ ಅಂತ ಎಲ್ಲರೂ ನಂಬಿದರು. ಕಂಪನಿ ನಿಂತಮೇಲೆ ಮಾರಲು ಹೋದರೆ ಖರ್ಚೆಲ್ಲ ಕಳೆದು ಕೈಗೆ ಬಂದದ್ದು 70 ಕೋಟಿ. ಓಡುತ್ತಿರುವ ಕಾರ್ಖಾನೆಯ ಬೆಲೆ ಬೇರೆ, ಬೀಗ ಬಿದ್ದ ಕಾರ್ಖಾನೆಯ ಬೆಲೆ ಬೇರೆ. ಇದರಲ್ಲಿ ಆಶ್ಚರ್ಯವೇನಿಲ್ಲ. ಕಾರ್ಮಿಕರ ಬಾಕಿಯಂಥ, ಕಾನೂನು ಮುಂದಿಡುವ ಮೊತ್ತಗಳನ್ನು ಸದ್ಯ ಪಕ್ಕಕ್ಕಿಡೋಣ.

ಈಗ ಡೀಡ್ ತೆಗೆದು ಒತ್ತೆಯ ಕಲಂ ಓದಿ. ಒತ್ತೆಯ ಹಕ್ಕಿಗೇ ಚಾರ್ಜ್ ಅನ್ನುತ್ತಾರೆ. ಅಲ್ಲಿ 'ಪಾರಿ ಪಾಸು' ಚಾರ್ಜ್ ಅಂತ ಇದ್ದರೆ ಬ್ಯಾಂಕೂ ನೀವೂ ಸಮಾನ ಸಾಲಿನವರು. 70 ಕೋಟಿಯನ್ನು ಸಾಲದ ಪ್ರಮಾಣದಲ್ಲಿ ಹಂಚುತ್ತಾರೆ. ಬ್ಯಾಂಕಿಗೆ 42, ಡಿಬೆಂಚರುದಾರರಿಗೆ 28. ಅಂದರೆ 1,000ದ ಡಿಬೆಂಚರಿಗೆ 700. ಅದೇ ಜಾಗದಲ್ಲಿ 'ಸೆಕೆಂಡ್ ಚಾರ್ಜ್' ಅಂತ ಇದ್ದರೆ ಬ್ಯಾಂಕು ತನ್ನ 60 ಕೋಟಿಯನ್ನೂ ಮೊದಲು ತೆಗೆದುಕೊಳ್ಳುತ್ತದೆ. ಉಳಿದ 10 ಕೋಟಿ ನಿಮ್ಮ 40 ಕೋಟಿಗೆ. 1,000ಕ್ಕೆ 250. ಉಳಿದ ಬಾಕಿಗೆ ಕೆಳಗಿನ ಸಾಲಿನಲ್ಲಿ ನಿಂತು ಏನಾದರೂ ಬಂದರೆ ಬಂತು. ಷೇರುದಾರರಿಗೆ ಎರಡೂ ಲೆಕ್ಕದಲ್ಲಿ ಏನೂ ಇಲ್ಲ.

ಎರಡೂ ಡಿಬೆಂಚರುಗಳ ಮೇಲೆ 'ಸೆಕ್ಯೂರ್ಡ್' ಅಂತಲೇ ಬರೆದಿರುತ್ತದೆ. ಹಣ ಹಾಕುವಾಗ ಜನ ಬಡ್ಡಿ ದರ ನೋಡುತ್ತಾರೆ, ರೇಟಿಂಗ್ ನೋಡುತ್ತಾರೆ, ಈ ಒಂದೆರಡು ಪದ ನೋಡುವುದಿಲ್ಲ. ನನ್ನ ಕೇಳಿದರೆ ಅರ್ಧ ಪರ್ಸೆಂಟ್ ಬಡ್ಡಿ ಕಮ್ಮಿಯಾದರೂ ಪರವಾಗಿಲ್ಲ, ಪಾರಿ ಪಾಸು ಇರಲಿ ಅಂತೀನಿ.

ಇನ್ನೊಂದು ಪದವನ್ನೂ ಗಮನಿಸಿ: ಫ್ಲೋಟಿಂಗ್ ಚಾರ್ಜ್. ಜಮೀನು, ಕಟ್ಟಡ, ಯಂತ್ರದಂಥ ಗೊತ್ತಾದ ವಸ್ತುವಿನ ಮೇಲಿನದು ಫಿಕ್ಸೆಡ್ ಚಾರ್ಜ್. ಟ್ರಸ್ಟಿ ಒಪ್ಪದೆ ಕಂಪನಿ ಅದನ್ನು ಮಾರುವಂತಿಲ್ಲ. ಗೋದಾಮಿನ ಸರಕು, ಗಿರಾಕಿಗಳಿಂದ ಬರಬೇಕಾದ ಹಣ ಇವು ದಿನಾ ಬದಲಾಗುತ್ತವೆ. ಅವನ್ನೂ ಕಟ್ಟಿಹಾಕಿದರೆ ವ್ಯಾಪಾರವೇ ನಡೆಯುವುದಿಲ್ಲ. ಅದಕ್ಕೆ ಅವುಗಳ ಮೇಲೆ ತೇಲುವ ಒತ್ತೆ ಇಡುತ್ತಾರೆ. ಕಂಪನಿ ಸರಿಯಾಗಿ ನಡೆಯುವವರೆಗೆ ಸರಕು ಮಾರುತ್ತಿರಬಹುದು. ಡೀಡ್‌ನಲ್ಲಿ ಹೇಳಿದ ಘಟನೆ ನಡೆದಾಗ ಆ ಒತ್ತೆ ಕೆಳಗಿಳಿದು, ಆ ಹೊತ್ತಿಗೆ ಏನಿದೆಯೋ ಅದರ ಮೇಲೆ ಗಟ್ಟಿಯಾಗಿ ಕೂರುತ್ತದೆ. ತೊಂದರೆ ಏನೆಂದರೆ, ಕಂಪನಿ ಸೊರಗುತ್ತಿರುವಾಗ ಸರಕೂ ಸೊರಗುತ್ತಿರುತ್ತದೆ. ಒತ್ತೆ ಇಳಿದು ನೋಡುವಷ್ಟರಲ್ಲಿ ಗೋದಾಮು ಅರ್ಧ ಖಾಲಿ. ಸಾಲೊಮನ್ ಡಿಬೆಂಚರಿನದೂ ಫ್ಲೋಟಿಂಗ್ ಚಾರ್ಜೇ. ಮುಂದೆ ಬ್ರಿಟನ್ನಿನ ಕಾನೂನು ಬದಲಾಯಿತು. ಈಗ ಅಲ್ಲಿ ಫ್ಲೋಟಿಂಗ್ ಚಾರ್ಜಿನಿಂದ ಬಂದ ಹಣದಲ್ಲಿ ಒಂದು ಭಾಗವನ್ನು ಒತ್ತೆಯಿಲ್ಲದೆ ಸಾಲ ಕೊಟ್ಟವರಿಗೆ ಎತ್ತಿಡಬೇಕು.

ಈಗ ನಿಮ್ಮನ್ನು ಕಾಡುತ್ತಿರುವ ವಿಷಯ. ಬ್ಯಾಂಕ್ ನೋಟಿಸ್ ಕೊಟ್ಟಿದೆ, ನಿಮ್ಮ ಟ್ರಸ್ಟಿ ಇನ್ನೂ ಕಾಗದ ತಿರುವುತ್ತಿದ್ದಾರೆ. ಪಾರಿ ಪಾಸು ಇದ್ದರೂ ಹೀಗಾಗಬಹುದು. ಹಂಚಿಕೆಯಲ್ಲಿ ಸಮಾನ ಅಂದ ಮಾತ್ರಕ್ಕೆ ವೇಗದಲ್ಲಿ ಸಮಾನ ಅಂತ ಅರ್ಥವಲ್ಲ.

ಬ್ಯಾಂಕ್ ಒಂಟಿಯಾಗಿ ಸಾಲ ಕೊಟ್ಟಿದೆ, ತಾನೇ ನಿರ್ಧರಿಸುತ್ತದೆ. ಕಂಪನಿಯ ಚಾಲ್ತಿ ಖಾತೆ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಸರಕು ಎಷ್ಟಿದೆ, ವಸೂಲಿ ಎಷ್ಟಾಗಿದೆ ಅನ್ನುವ ಸ್ಟಾಕ್ ಸ್ಟೇಟ್‌ಮೆಂಟ್ ತಿಂಗಳು ತಿಂಗಳು ಅದರ ಮೇಜಿಗೆ ಬರುತ್ತದೆ. ಚೆಕ್ ವಾಪಸಾಗುವ ಮೊದಲೇ ಅದಕ್ಕೆ ವಾಸನೆ ಹತ್ತಿರುತ್ತದೆ. ಸಾಲದ ಮಿತಿ ಇಳಿಸಬಹುದು, ಹೊಸ ಹಣ ಬಿಡದೇ ಇರಬಹುದು. ಒಪ್ಪಂದದಲ್ಲಿ ಅವಕಾಶವಿದ್ದರೆ ಖಾತೆಗೆ ಬಂದ ಹಣವನ್ನೇ ತನ್ನ ಬಾಕಿಗೆ ಹಿಡಿದುಕೊಳ್ಳಬಹುದು. ನಿರ್ದೇಶಕರ ವೈಯಕ್ತಿಕ ಜಾಮೀನೂ ಅದರ ಕೈಲಿ ಇರುವುದುಂಟು. ನಿಮ್ಮ ಹಣ ಮೊದಲ ದಿನವೇ ಪೂರ್ತಿ ಕಂಪನಿಯ ಕೈ ಸೇರಿದೆ. ಹಿಡಿದಿಟ್ಟುಕೊಳ್ಳಲು ನಿಮ್ಮ ಹತ್ತಿರ ಏನೂ ಉಳಿದಿಲ್ಲ. ಕಾಗದದ ಮೇಲಿನ ಒತ್ತೆ ಇಬ್ಬರದೂ ಒಂದೇ ಇದ್ದರೂ ಈ ವ್ಯತ್ಯಾಸ ದೊಡ್ಡದು. ಇದನ್ನು ಯಾವ ಡೀಡೂ ಪೂರ್ತಿ ಸರಿದೂಗಿಸುವುದಿಲ್ಲ.

ಟ್ರಸ್ಟಿ ಹೊರಡುವುದು ಹಂತ ಹಂತವಾಗಿ. ಮೊದಲು ಡೀಡ್‌ನ 'ಈವೆಂಟ್ ಆಫ್ ಡಿಫಾಲ್ಟ್' ಕಲಂ ನೋಡುತ್ತಾರೆ. ಬಡ್ಡಿ ತಪ್ಪಿದರೆ ಆ ದಿನವೇ ಡಿಫಾಲ್ಟೋ, ಇಷ್ಟು ದಿನ ಸರಿಪಡಿಸಲು ಅವಕಾಶ ಉಂಟೋ ಅಂತ ಅಲ್ಲಿ ಬರೆದಿರುತ್ತದೆ. ಆ ದಿನಗಳು ಮುಗಿಯುವವರೆಗೆ ಕಾನೂನಿನ ಕಣ್ಣಲ್ಲಿ ಏನೂ ಆಗಿಯೇ ಇಲ್ಲ ಅನ್ನಬಹುದು. ಮುಗಿದ ಮೇಲೆ ನೋಟಿಸ್. ಆಮೇಲೆ ಸಾಲದ ಪೂರ್ತಿ ಅಸಲನ್ನು ಒಂದೇ ಸಲ ವಾಪಸ್ ಕೇಳುವ ನಿರ್ಧಾರ. ಕೊನೆಗೆ ಒತ್ತೆಗೆ ಕೈ ಹಾಕುವುದು. ಈ ಕೊನೆಯ ಎರಡಕ್ಕೆ ಡಿಬೆಂಚರುದಾರರಲ್ಲಿ ಇಷ್ಟು ಭಾಗದವರು ಬರೆದು ಕೇಳಬೇಕು ಅಥವಾ ಸಭೆಯಲ್ಲಿ ಒಪ್ಪಬೇಕು ಅಂತ ಎಷ್ಟೋ ಡೀಡ್‌ಗಳಲ್ಲಿ ಇರುತ್ತದೆ.

ಅದರ ಪಕ್ಕದಲ್ಲೇ ಒಂದು ಕಲಂ ಇರುತ್ತದೆ. ಟ್ರಸ್ಟಿಗೆ ಬರೆದು ಕೇಳಿ, ಅವರ ಖರ್ಚಿಗೆ ಭರವಸೆ ಕೊಟ್ಟು, ಅವರು ಸಮಂಜಸ ಸಮಯದಲ್ಲಿ ಏನೂ ಮಾಡದಿದ್ದರೆ ಮಾತ್ರ ಡಿಬೆಂಚರುದಾರ ತಾನೇ ಕೋರ್ಟಿಗೆ ಹೋಗಬಹುದು ಅನ್ನುವ ಕಲಂ. ಇದರಲ್ಲಿ ನ್ಯಾಯವೂ ಇದೆ. ಇಲ್ಲದಿದ್ದರೆ ಹತ್ತು ಡಿಬೆಂಚರು ಇರುವವನೊಬ್ಬ ಕಂಪನಿಯನ್ನು ಹೆದರಿಸಿ ತನ್ನ ಬಾಕಿ ಮಾತ್ರ ಕಿತ್ತುಕೊಂಡು ಹೋಗಬಹುದು, ಉಳಿದವರಿಗೆ ಚಿಪ್ಪು. ಆದರೆ ಆ 'ಖರ್ಚಿಗೆ ಭರವಸೆ' ಅನ್ನುವ ಮಾತಲ್ಲೇ ಗಾಡಿ ನಿಲ್ಲುತ್ತದೆ. ವಕೀಲರ ಫೀಸು, ಕಾವಲು, ಮೌಲ್ಯಮಾಪನ ಇದನ್ನೆಲ್ಲ ಯಾರು ಕೊಡುತ್ತಾರೆ ಅಂತ ಟ್ರಸ್ಟಿ ಕೇಳುತ್ತಾರೆ. ನಾನು ಹಿಂದೊಮ್ಮೆ ಕೆಲವು ಡಿಬೆಂಚರುಗಳನ್ನು ಇಟ್ಟುಕೊಂಡು ಇಂಥದೇ ಸಭೆಗೆ ಹೋಗಿದ್ದೆ. ಬೇಕಾದಷ್ಟು ಜನ ಸೇರಲಿಲ್ಲ, ಮುಂದೂಡಿದರು. ಮುಂದಿನ ಸಭೆ ಪೂರ್ತಿ ಖರ್ಚಿನ ಜಗಳದಲ್ಲೇ ಮುಗಿಯಿತು. ಅಷ್ಟರಲ್ಲಿ ಬ್ಯಾಂಕಿನವರು ಕಾರ್ಖಾನೆಗೆ ಕಾವಲುಗಾರರನ್ನು ಹಾಕಿ ಆಗಿತ್ತು. ಭಾರತದಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2020ರಲ್ಲಿ ಇದಕ್ಕೊಂದು ದಾರಿ ಮಾಡಿತು. ಲಿಸ್ಟ್ ಆಗುವ ಸಾಲಪತ್ರ ಹೊರಡಿಸುವ ಕಂಪನಿ ವಸೂಲಿ ಖರ್ಚಿಗೆಂದೇ ಒಂದು ನಿಧಿಯನ್ನು ಮೊದಲೇ ಷೇರುಪೇಟೆಯಲ್ಲಿ ಕಟ್ಟಿಡಬೇಕು: ಸಾಲದ ಮೊತ್ತದ 0.01 ಪರ್ಸೆಂಟ್, ಹೆಚ್ಚೆಂದರೆ 25 ಲಕ್ಷ. ದೊಡ್ಡ ಮೊಕದ್ದಮೆಗೆ ಸಾಲುವುದಿಲ್ಲ, ಶುರು ಮಾಡಲು ಸಾಕು.

ಹಾಗಂತ ಒಬ್ಬರೇ ಇರುವ ನಿಮಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಒತ್ತೆಗೆ ಕೈ ಹಾಕುವುದು ಒಂದು, ನನ್ನ ಬಡ್ಡಿ ಕೊಡಿ ಅಂತ ಕೇಳುವುದು ಇನ್ನೊಂದು. ಮೊದಲನೆಯದು ಎಲ್ಲರ ಸೊತ್ತು, ಟ್ರಸ್ಟಿಯ ಮೂಲಕವೇ ಆಗಬೇಕು. ಎರಡನೆಯದಕ್ಕೆ ಕೆಲವು ಕಾನೂನುಗಳು ಸ್ವಂತ ಹಕ್ಕು ಉಳಿಸಿವೆ. ಅಮೆರಿಕದ 1939ರ ಟ್ರಸ್ಟ್ ಇಂಡೆಂಚರ್ ಕಾಯ್ದೆ, ಗಡುವು ಮುಗಿದ ಅಸಲು ಬಡ್ಡಿಗೆ ದಾವೆ ಹೂಡುವ ಹಕ್ಕನ್ನು ಆ ಸಾಲಪತ್ರದಾರನ ಒಪ್ಪಿಗೆ ಇಲ್ಲದೆ ಕಸಿಯುವಂತಿಲ್ಲ ಅನ್ನುತ್ತದೆ. ಭಾರತದ 71ನೇ ಸೆಕ್ಷನ್‌ನಲ್ಲಿ, ಕಂಪನಿ ಗಡುವಿಗೆ ಅಸಲು ಅಥವಾ ಬಡ್ಡಿ ಕೊಡದಿದ್ದರೆ ಟ್ರಸ್ಟಿ ಮಾತ್ರವಲ್ಲ, ಯಾವುದೇ ಡಿಬೆಂಚರುದಾರನೂ ಕಂಪನಿ ಕಾನೂನು ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬಹುದು. ಕೂಡಲೇ ಅಸಲು ಬಡ್ಡಿ ಕೊಟ್ಟು ತೀರಿಸಿ ಅಂತ ಅದು ಆದೇಶಿಸಬಹುದು. ಟ್ರಸ್ಟಿಗಳಿಗೂ ಬಲ ಹೆಚ್ಚಿದೆ. ಬ್ಯಾಂಕುಗಳು ಕೋರ್ಟ್ ಮೆಟ್ಟಿಲು ಹತ್ತದೆ ಒತ್ತೆ ವಶಕ್ಕೆ ತೆಗೆದುಕೊಳ್ಳುವ ಸರ್ಫೇಸಿ ಕಾಯ್ದೆಯೊಳಗೆ 2016ರ ತಿದ್ದುಪಡಿಯಲ್ಲಿ, ಲಿಸ್ಟ್ ಆದ ಸೆಕ್ಯೂರ್ಡ್ ಸಾಲಪತ್ರಗಳ ಟ್ರಸ್ಟಿಗಳನ್ನೂ ಸೇರಿಸಿದರು. ಅಲ್ಲಿಯವರೆಗೆ ಬ್ಯಾಂಕಿನ ವೇಗಕ್ಕೆ ಅದೂ ಒಂದು ಕಾರಣ.

ಟ್ರಸ್ಟಿ ಸುಮ್ನೆ ಕೂತರೆ? ಎಷ್ಟೋ ಡೀಡ್‌ಗಳಲ್ಲಿ ಟ್ರಸ್ಟಿಯನ್ನು ಕಾಪಾಡುವ ಕಲಮುಗಳು ಪುಟಗಟ್ಟಲೆ ಇರುತ್ತವೆ. ಅವನ್ನು ಓದಿ ಕೈಚೆಲ್ಲಬೇಡಿ. ಟ್ರಸ್ಟಿ ತೋರಬೇಕಾದ ಎಚ್ಚರ ತೋರದಿದ್ದರೂ ಹೊಣೆಯಿಲ್ಲ ಅನ್ನುವ ಷರತ್ತು ಅದೇ 71ನೇ ಸೆಕ್ಷನ್ ಪ್ರಕಾರ ಊರ್ಜಿತವಲ್ಲ. ಆದರೆ ಮೌಲ್ಯದಲ್ಲಿ ಮುಕ್ಕಾಲು ಭಾಗ ಡಿಬೆಂಚರುದಾರರು ಸಭೆಯಲ್ಲಿ ಒಪ್ಪಿ ಟ್ರಸ್ಟಿಯನ್ನು ಹೊಣೆಯಿಂದ ಬಿಡಬಹುದು.

ಈ 'ಮುಕ್ಕಾಲು ಭಾಗ'ವೇ ನೀವು ಹೆದರಬೇಕಾದ ಜಾಗ. ನಿಮ್ಮ ಸಭೆ ಅಂದೆನಲ್ಲ, ಅದು ಇದು. ಇಲ್ಲಿ ತಲೆ ಎಣಿಸುವುದಿಲ್ಲ, ಹಣ ಎಣಿಸುತ್ತಾರೆ. ನಮ್ಮ ಉದಾಹರಣೆಯ 40 ಕೋಟಿಯಲ್ಲಿ 30 ಕೋಟಿ ಎರಡೇ ದೊಡ್ಡ ಫಂಡ್‌ಗಳ ಕೈಲಿದ್ದರೆ, ಬಡ್ಡಿ ಇಳಿಸಲು, ಗಡುವು ಎರಡು ವರ್ಷ ಮುಂದೂಡಲು ಅವರಿಬ್ಬರು ಒಪ್ಪಿದರೆ ಸಾಕು. ಡೀಡ್ ಹಾಗೆ ಹೇಳಿದ್ದರೆ ಬೇಡ ಅಂದ ಉಳಿದವರೆಲ್ಲರಿಗೂ ಅದು ಅನ್ವಯ. ಬ್ಯಾಂಕಿನ ಜೊತೆ ಒಬ್ಬರಿಗೊಬ್ಬರು ಮಾಡಿಕೊಂಡ ಸಾಲದ ಒಪ್ಪಂದವನ್ನು ಬ್ಯಾಂಕು ಒಪ್ಪದೆ ಹೀಗೆ ಬದಲಿಸಲು ಆಗುವುದಿಲ್ಲ. ದೊಡ್ಡವರ ಹಿತವೂ ನಿಮ್ಮ ಹಿತವೂ ಒಂದೇ ಆಗಿರಬೇಕೆಂದಿಲ್ಲ. ಆ ಫಂಡ್‌ಗಳು ಅದೇ ಕಂಪನಿಯ ಷೇರನ್ನೂ ಇಟ್ಟುಕೊಂಡಿರಬಹುದು. ಆಗ ಸಾಲ ಮುಂದೂಡಿ ಷೇರು ಉಳಿಸಿಕೊಳ್ಳುವುದು ಅವರಿಗೆ ಲಾಭ. ಈ ತೊಡಕಿಗೇ ಇರಬೇಕು, ಬ್ಯಾಂಕುಗಳ ಜೊತೆ ಸೇರಿ ಸಾಲ ಮರುಹೊಂದಿಸುವ ಒಪ್ಪಂದಕ್ಕೆ ಟ್ರಸ್ಟಿ ಸಹಿ ಹಾಕಬೇಕಾದರೆ ಮೌಲ್ಯದಲ್ಲಿ 75 ಪರ್ಸೆಂಟ್ ಜೊತೆಗೆ ಸಂಖ್ಯೆಯಲ್ಲೂ 60 ಪರ್ಸೆಂಟ್ ಒಪ್ಪಿಗೆ ಬೇಕು ಅಂತ ಸೆಬಿ ಇಟ್ಟಿದೆ. ತಲೆಯನ್ನೂ ಎಣಿಸುವ ಕಡೆ ಚಿಕ್ಕವರ ಮತಕ್ಕೆ ಬೆಲೆ ಇದೆ. ಹಾಗಾಗಿ ಮತಪತ್ರ ಬಂದರೆ ಬದಿಗಿಡಬೇಡಿ.

ಇನ್ನು ನೀವು ಈ ವಾರ ಮಾಡಬೇಕಾದ್ದು. ಮೊದಲು ಡೀಡ್‌ನ ಪ್ರತಿ ತರಿಸಿಕೊಳ್ಳಿ. ಆಫರ್ ಡಾಕ್ಯುಮೆಂಟ್‌ನಲ್ಲಿರುವ ಸಾರಾಂಶ ಸಾಲದು. ಭಾರತದ ಕಂಪನಿಯಾದರೆ ಡೀಡ್ ನೋಡುವ, ಶುಲ್ಕ ಕೊಟ್ಟು ಪ್ರತಿ ಪಡೆಯುವ ಹಕ್ಕು ಪ್ರತಿ ಡಿಬೆಂಚರುದಾರನಿಗೂ ಇದೆ. ನೂರು ಪುಟ ಇದ್ದರೂ ನಾಲ್ಕೇ ಕಡೆ ಓದಿ: ಒತ್ತೆಯ ಕಲಂ, ಡಿಫಾಲ್ಟ್ ಕಲಂ, ಟ್ರಸ್ಟಿ ಕ್ರಮಕ್ಕೆ ಬೇಕಾದ ಬಹುಮತ, ಮತ್ತು ಕೊನೆಯಲ್ಲಿರುವ ಆಸ್ತಿ ವಿವರದ ಷೆಡ್ಯೂಲ್. ಷೆಡ್ಯೂಲ್‌ನಲ್ಲಿ ಬರೆದ ಸರ್ವೆ ನಂಬರ್, ವಿಸ್ತೀರ್ಣ ಕಾರ್ಖಾನೆ ನಿಂತ ಜಾಗದ್ದೇನಾ ನೋಡಿ. ಕಾರ್ಖಾನೆ ಒಂದು ಕಡೆ, ಒತ್ತೆ ಬರೆದ ಖಾಲಿ ಜಮೀನು ಇನ್ನೊಂದು ಕಡೆ ಇರುವುದೂ ಉಂಟು. ನಿಯಮಕ್ಕೊಂದು ಆಸ್ತಿ ತೋರಿಸಿ ಕೈ ತೊಳೆದುಕೊಳ್ಳುವ ಹಳೆಯ ಚಾಳಿ ಅದು.

ಆಮೇಲೆ ಚಾರ್ಜ್ ನೋಂದಣಿ ತೆಗೆದು ನೋಡಿ. ಭಾರತದಲ್ಲಿ ಕಂಪನಿಗಳ ರಿಜಿಸ್ಟ್ರಾರ್ ಹತ್ತಿರ ಡಿಬೆಂಚರಿನ ಚಾರ್ಜ್ CHG-9 ನಮೂನೆಯಲ್ಲಿ ದಾಖಲಾಗಿರುತ್ತದೆ. ಟ್ರಸ್ಟಿಯ ಹೆಸರು, ಮೊತ್ತ, ತಾರೀಕು ಮೂರೂ ಡೀಡ್ ಜೊತೆ ತಾಳೆಯಾಗಬೇಕು. ಇದು ಬರೀ ಕಾಗದದ ಶಿಸ್ತಲ್ಲ. ನೋಂದಣಿ ಆಗದ ಒತ್ತೆಯನ್ನು ಕಂಪನಿ ಮುಚ್ಚುವಾಗ ಲಿಕ್ವಿಡೇಟರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಾಲ ಹಾಗೇ ಉಳಿಯುತ್ತದೆ, ಒತ್ತೆ ಹೋಗುತ್ತದೆ, ನೀವು ಸಾಮಾನು ಕೊಟ್ಟವರ ಪಕ್ಕಕ್ಕೆ ಬಂದು ನಿಲ್ಲುತ್ತೀರಿ.

ಇಷ್ಟು ಕೈಲಿಟ್ಟುಕೊಂಡು ಟ್ರಸ್ಟಿಗೆ ಒಂದು ಪತ್ರ ಬರೆಯಿರಿ. ಫೋನ್ ಬೇಡ, ಇಮೇಲ್ ಮತ್ತು ರಿಜಿಸ್ಟರ್ಡ್ ಪೋಸ್ಟ್. ಇಂಥ ತಾರೀಕಿನ ಬಡ್ಡಿ ಬಂದಿಲ್ಲ, ಡೀಡ್‌ನ ಇಂಥ ಕಲಮಿನಂತೆ ಇಂಥ ದಿನಕ್ಕೆ ಡಿಫಾಲ್ಟ್ ಆಗಿದೆ, ಬ್ಯಾಂಕ್ ನೋಟಿಸ್ ಕೊಟ್ಟಿದೆ ಅನ್ನುವ ಸುದ್ದಿ ನಿಮಗೆ ಗೊತ್ತೇ, ನೀವು ಯಾವ ಹೆಜ್ಜೆ ಇಟ್ಟಿದ್ದೀರಿ ಅಂತ ಕೇಳಿ. ಬ್ಯಾಂಕ್ ನೋಟಿಸ್ ಬಗ್ಗೆ ಬರೆಯಲು ಕಾರಣವಿದೆ. ಬೇರೆ ಸಾಲದಲ್ಲಿ ತಪ್ಪಿದರೂ ಇಲ್ಲಿ ತಪ್ಪಿದಂತೆ ಅನ್ನುವ ಕ್ರಾಸ್ ಡಿಫಾಲ್ಟ್ ಕಲಂ ನಿಮ್ಮ ಡೀಡ್‌ನಲ್ಲಿದ್ದರೆ, ಬಡ್ಡಿಯ ಕಾಲಾವಕಾಶ ಮುಗಿಯುವ ಮೊದಲೇ ಟ್ರಸ್ಟಿ ಹೊರಡಬಹುದು. ಉತ್ತರ ಬರದಿದ್ದರೆ ಇನ್ನಷ್ಟು ಜನರನ್ನು ಸೇರಿಸಿ. ಭಾರತದ ನಿಯಮದಲ್ಲಿ ಮೌಲ್ಯದ ಹತ್ತನೇ ಒಂದು ಭಾಗ ಇರುವವರು ಬರೆದು ಕೇಳಿದರೆ ಟ್ರಸ್ಟಿ ಸಭೆ ಕರೆಯಲೇಬೇಕು. ನಮ್ಮ ಉದಾಹರಣೆಯಲ್ಲಿ ಅದು 4 ಕೋಟಿ. ಒಬ್ಬರ ಕೈಲಾಗದ ಮೊತ್ತವೇ, ಆದರೆ ಅದೇ ಡಿಬೆಂಚರನ್ನು ನಿಮಗೆ ಮಾರಿದ ಬ್ರೋಕರ್‌ಗೆ ಅದನ್ನು ಇನ್ನೂ ಯಾರು ಯಾರು ಕೊಂಡಿದ್ದಾರೆ ಅಂತ ಗೊತ್ತಿರುತ್ತದೆ ಅಲ್ವಾ? ನಿಮ್ಮ ಪತ್ರವನ್ನು ಅವರಿಗೆಲ್ಲ ತಲುಪಿಸಿ ಅಂತ ಅವರನ್ನೇ ಕೇಳಿ.